ಒಂದು ವರ್ಷವೂ ತುಂಬದೆ ನಿಂತುಹೋಗುವ ಕೊಲೆಸ್ಟ್ರಾಲ್ ಮಾತ್ರೆ

ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮುಂತಾದ ಸ್ಟಾಟಿನ್ ಮಾತ್ರೆಗಳನ್ನು ಶುರುಮಾಡಿದವರಲ್ಲಿ ಬಹಳ ಮಂದಿ ವರ್ಷದೊಳಗೇ ಬಿಟ್ಟುಬಿಡುತ್ತಾರೆ. ಕೊಲೆಸ್ಟ್ರಾಲ್ ಏರಿದಾಗ ನೋವಿರಲಿಲ್ಲ, ಇಳಿದಾಗ ಹಾಯೆನಿಸುವುದೂ ಇಲ್ಲ. ಬಿಪಿ, ಶುಗರ್ ಮಾತ್ರೆಗಳ ಜೊತೆ ಇದೂ ಸೇರಿ ಅಂಗೈ ತುಂಬಿದಾಗ, ಬೇಸತ್ತವರು ಮೊದಲು ಕೈಬಿಡುವುದು ಇದನ್ನೇ. ರಿಪೋರ್ಟ್ ನಾರ್ಮಲ್ ಬಂತೆಂದು ನಿಲ್ಲಿಸುವವರೂ ಇದ್ದಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೇ ಮರಳುತ್ತದೆ.

ಮೈಕೈ ನೋವಿನ ದೂರು ಬೇರೆಯೇ. ಅದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಸೊಗಸಾಗಿ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ‘ಸ್ಯಾಮ್ಸನ್’ ಎಂಬ ಆ ಅಧ್ಯಯನದಲ್ಲಿದ್ದ 60 ಮಂದಿಯೂ ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟವರು. ಪ್ರತಿಯೊಬ್ಬರಿಗೂ ವರ್ಷಕ್ಕೆಂದು 12 ಬಾಟಲಿ ಕೊಟ್ಟರು. ನಾಲ್ಕರಲ್ಲಿ 20 ಮಿಲಿಗ್ರಾಂ ಅಟೋರ್ವಾಸ್ಟಾಟಿನ್, ನಾಲ್ಕರಲ್ಲಿ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ, ಉಳಿದ ನಾಲ್ಕು ಖಾಲಿ. ಯಾವ ತಿಂಗಳು ನುಂಗುತ್ತಿರುವುದು ಯಾವ ಮಾತ್ರೆ ಎಂದು ಅವರಿಗೆ ಗೊತ್ತಿರಲಿಲ್ಲ. ದಿನಾ ತಮ್ಮ ತೊಂದರೆಗೆ ನೂರಕ್ಕೆ ಇಷ್ಟೆಂದು ಅಂಕ ಕೊಡಬೇಕಿತ್ತು.

ಮಾತ್ರೆಯಿಲ್ಲದ ತಿಂಗಳುಗಳ ಸರಾಸರಿ 8, ಸ್ಟಾಟಿನ್ ತಿಂಗಳುಗಳದ್ದು 16.3. ಔಷಧವೇ ಇಲ್ಲದ ಮಾತ್ರೆಯದ್ದು 15.4! ನೋವು ಸುಳ್ಳಲ್ಲ, ಅವರು ನಿಜವಾಗಿಯೂ ನರಳಿದ್ದರು. ಆದರೆ ಅದರ ಬಹುಪಾಲು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಆತಂಕದಿಂದ. ತಮ್ಮದೇ ಅಂಕಪಟ್ಟಿ ನೋಡಿದ ಮೇಲೆ ಅರ್ಧದಷ್ಟು ಮಂದಿ ಮತ್ತೆ ಸ್ಟಾಟಿನ್ ಹಿಡಿದರು. ನನಗೆ ದೊಡ್ಡದಾಗಿ ಕಂಡದ್ದು ಇದೇ: ಬುದ್ಧಿಮಾತಿಗೆ ಬಗ್ಗದವರು ತಮ್ಮ ಲೆಕ್ಕಕ್ಕೆ ಒಪ್ಪಿದರು.

ನಾವೂ ಆ ಲೆಕ್ಕ ಇಡಬಹುದು. ಮಾತ್ರೆ ಶುರುಮಾಡುವ ಮುನ್ನವೇ ಒಂದು ವಾರ ಮಂಡಿ, ಸೊಂಟ, ತೊಡೆಯ ನೋವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆಮೇಲೂ ಮುಂದುವರಿಸಿ. ಹಳೆಯ ನೋವು ಯಾವುದು, ಹೊಸದು ಯಾವುದು ಎಂದು ಗೊತ್ತಾಗುತ್ತದೆ. ಕಾಣದ ಲಾಭವನ್ನು ಕಾಣಿಸುವುದು ರಕ್ತಪರೀಕ್ಷೆ ಮಾತ್ರ. ಶುರುವಾದ 4ರಿಂದ 12 ವಾರದೊಳಗೆ ಎಲ್‌ಡಿಎಲ್ ಪರೀಕ್ಷಿಸಿ, ಹಳೆಯ ರಿಪೋರ್ಟಿನ ಪಕ್ಕದಲ್ಲಿಟ್ಟು ನೋಡಿ. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್‌ಗಳನ್ನು ರಾತ್ರಿಯೇ ನುಂಗಬೇಕೆಂದಿಲ್ಲ. ರಾತ್ರಿ ಮರೆಯುವವರು ಬೆಳಗಿನ ಬಿಪಿ ಮಾತ್ರೆಯ ಜೊತೆಗೇ ತೆಗೆದುಕೊಳ್ಳಬಹುದು. ಮಾತ್ರೆಗಳು ಹೆಚ್ಚಾದವೆನಿಸಿದರೆ ಎರಡನ್ನು ಒಂದರಲ್ಲೇ ಸೇರಿಸಿದ ಮಾತ್ರೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ.

ನಿಜವಾದ ಸ್ನಾಯುಹಾನಿ ಅಪರೂಪ, ಆದರೆ ಉಂಟು. ಸಹಿಸಲಾಗದ ಸ್ನಾಯುನೋವು, ನಿಶ್ಶಕ್ತಿ, ಕಂದುಬಣ್ಣದ ಮೂತ್ರ ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಡಾಕ್ಟರ ಬಳಿ ಹೋಗಿ. ಉಳಿದ ನೋವುಗಳಿಗೆ ಡೋಸ್ ತಗ್ಗಿಸಬಹುದು, ಬೇರೆ ಸ್ಟಾಟಿನ್‌ಗೆ ಬದಲಿಸಬಹುದು. ಅದಕ್ಕೆ ಮೊದಲೇ ನೀವಾಗಿ ಬಿಡಬೇಡಿ. ಒಮ್ಮೆ ಹೃದಯಾಘಾತವಾದವರಂತೂ ಖಂಡಿತ ಬಿಡಬೇಡಿ.