ಒಂದೇ ಕಳೆತದಲ್ಲಿ ಮುಗಿಯುವ ಗುಣಾಕಾರ

ಋಣಸಂಖ್ಯೆಗಳನ್ನು ಗುಣಿಸುವಾಗ ಚಿಹ್ನೆಯನ್ನು ಬೇರೆಯಾಗಿ ಎತ್ತಿಡುವ ಗೋಜೇ ಬೇಡವೆಂದು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಆಂಡ್ರ್ಯೂ ಬೂತ್ 1951ರಲ್ಲಿ ತೋರಿಸಿದರು. 3 × -2 ತೆಗೆದುಕೊಂಡು, ನಾಲ್ಕು ಬಿಟ್‌ಗಳಲ್ಲಿ ಕಾಗದದ ಮೇಲೆ ಮಾಡಿ ನೋಡಬಹುದು.

3 ಎಂದರೆ 0011, -3 ಎಂದರೆ 1101. ಗುಣಕ -2, ಅಂದರೆ 1110. ಎಡಕ್ಕೆ ಖಾಲಿ ಮನೆ 0000, ಬಲತುದಿಗೆ ಒಂದು ಹೆಚ್ಚುವರಿ 0.

ಪ್ರತಿ ಹೆಜ್ಜೆಯಲ್ಲೂ ಬಲತುದಿಯ ಎರಡು ಬಿಟ್‌ಗಳನ್ನಷ್ಟೇ ನೋಡಬೇಕು. 10 ಕಂಡರೆ ಎಡಮನೆಯಿಂದ 3 ಕಳೆಯಬೇಕು, ಅಂದರೆ 1101 ಕೂಡಬೇಕು. 01 ಕಂಡರೆ 3 ಕೂಡಬೇಕು. ಎರಡೂ ಒಂದೇ ಆಗಿದ್ದರೆ ಸುಮ್ಮನಿರಬೇಕು. ಆಮೇಲೆ ಇಡೀ ಸಾಲನ್ನು ಒಂದು ಸ್ಥಾನ ಬಲಕ್ಕೆ ಸರಿಸಬೇಕು.

```
0000 1110 0
0000 0111 0   00: ಸರಿಸು
1101 0111 0   10: ಕಳೆ
1110 1011 1   ಸರಿಸು
1111 0101 1   11: ಸರಿಸು
1111 1010 1   11: ಸರಿಸು
```

ಹೆಚ್ಚುವರಿ ಬಿಟ್ ಬಿಟ್ಟರೆ ಉಳಿಯುವುದು 11111010, ಅಂದರೆ -6. ಗುಣಕದಲ್ಲಿ ಮೂರು 1 ಇದ್ದರೂ ಕಳೆದದ್ದು ಒಂದೇ ಸಲ. ಸಾಲುಗಟ್ಟಿದ 1ಗಳು ಶುರುವಾಗುವಲ್ಲಿ ಕಳೆದು, ಮುಗಿಯುವಲ್ಲಿ ಕೂಡಿದರೆ ಸಾಕು. ಇಲ್ಲಿ ಸಾಲು ಎಡತುದಿಯವರೆಗೂ ಹೋಗಿದ್ದರಿಂದ ಕೂಡುವ ಸರದಿಯೇ ಬರಲಿಲ್ಲ.

ಎಡವುವುದು ಸರಿಸುವಾಗಲೇ. ಖಾಲಿಯಾದ ಎಡತುದಿಗೆ ಹಳೆಯ ಚಿಹ್ನೆಯ ಬಿಟ್ಟನ್ನೇ ನಕಲು ಮಾಡಬೇಕು. ಅಲ್ಲಿ ಸದಾ 0 ತುಂಬಿದರೆ ಇದೇ ಲೆಕ್ಕ 00011010ಕ್ಕೆ, ಅಂದರೆ 26ಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು ತೊಡಕು -8ರದ್ದು: ಗುಣ್ಯ ಅದಾದರೆ ಕಳೆಯಲು ಬೇಕಾದ +8 ನಾಲ್ಕು ಬಿಟ್‌ಗಳಲ್ಲಿ ಹಿಡಿಸದು, ಎಡಮನೆಗೆ ಐದನೆಯ ಬಿಟ್ ಕೊಡಬೇಕಾಗುತ್ತದೆ.