ಬೆಟ್ಟ ಮೇಲೆ, ಕಣಿವೆ ಕೆಳಗೆ: ಘನ ಸಮೀಕರಣಕ್ಕೆ ಎಷ್ಟು ಮೂಲ?

ಇಟಲಿಯ ರಫಾಯೆಲ್ ಬೊಂಬೆಲ್ಲಿ 1572ರಲ್ಲಿ ಪ್ರಕಟಿಸಿದ ಬೀಜಗಣಿತದ ಪುಸ್ತಕದಲ್ಲಿ x³ = 15x + 4 ಎಂಬ ಸಮೀಕರಣವಿದೆ. x ಜಾಗದಲ್ಲಿ 4 ಹಾಕಿ ನೋಡಿ, ಎರಡೂ ಕಡೆ 64 ಬರುತ್ತದೆ. ಆದರೆ ಆಗ ಬಳಕೆಯಲ್ಲಿದ್ದ ಕಾರ್ಡಾನೋ ಸೂತ್ರದಿಂದ ಬಿಡಿಸಲು ಹೋದರೆ ನಡುವೆ √(−121) ಎದುರಾಗುತ್ತದೆ. ಋಣಸಂಖ್ಯೆಗೆ ವಾಸ್ತವ ವರ್ಗಮೂಲವಿಲ್ಲ. ಹಾಗಾದರೆ ಈ ಸಮೀಕರಣಕ್ಕೆ ವಾಸ್ತವ ಮೂಲಗಳು ಎಷ್ಟು?

ವರ್ಗ ಸಮೀಕರಣಕ್ಕೆ b² − 4ac ಇರುವಂತೆ ಘನ ಸಮೀಕರಣಕ್ಕೂ ಒಂದು ಶೋಧಕ ಇದೆ. ಸಮೀಕರಣವನ್ನು x³ + px + q = 0 ಎಂದು ಬರೆದುಕೊಂಡರೆ ಅದು

Δ = −4p³ − 27q²

ಇದು ಧನವಾದರೆ ಬೇರೆ ಬೇರೆ ಮೂರು ವಾಸ್ತವ ಮೂಲಗಳು, ಋಣವಾದರೆ ಒಂದೇ ವಾಸ್ತವ ಮೂಲ. ಬೊಂಬೆಲ್ಲಿಯ ಸಮೀಕರಣದಲ್ಲಿ p = −15, q = −4. ಆದ್ದರಿಂದ Δ = 13500 − 432 = 13068. ಅಂದರೆ ಮೂಲಗಳು ಮೂರು: 4, −2 + √3 ಮತ್ತು −2 − √3.

ಕಾರಣ ಗ್ರಾಫ್‌ನಲ್ಲಿ ಕಾಣುತ್ತದೆ. y = x³ − 15x − 4 ರೇಖೆ ಎಡದಿಂದ ಏರಿ x = −√5 ಬಳಿ ಬೆಟ್ಟದ ತುದಿ ಮುಟ್ಟುತ್ತದೆ, ಇಳಿದು x = √5 ಬಳಿ ಕಣಿವೆಯ ತಳ ಸೇರಿ ಮತ್ತೆ ಏರುತ್ತದೆ. ತುದಿಯ ಎತ್ತರ ಸುಮಾರು 18.4, ತಳ ಸುಮಾರು −26.4. ಒಂದು x-ಅಕ್ಷದ ಮೇಲೆ, ಇನ್ನೊಂದು ಕೆಳಗೆ ಇರುವುದರಿಂದ ರೇಖೆ ಅಕ್ಷವನ್ನು ಮೂರು ಸಲ ದಾಟಲೇಬೇಕು. ಎರಡೂ ಒಂದೇ ಕಡೆ ಇದ್ದರೆ ಒಂದೇ ಸಲ ದಾಟುತ್ತದೆ. ಈ ಎರಡು ಎತ್ತರಗಳ ಗುಣಲಬ್ಧ −484. ಅದನ್ನು −27ರಿಂದ ಗುಣಿಸಿದರೆ ಸಿಗುವುದು ಅದೇ 13068! p ಧನವಾಗಿದ್ದರೆ ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಆಗ ಶೋಧಕ ತಾನಾಗಿಯೇ ಋಣ.

ಇನ್ನು ಆ −121ರ ವಿಷಯ. ಅದು −Δ/108, ಅಂದರೆ ಶೋಧಕವನ್ನೇ ಚಿಹ್ನೆ ತಿರುಗಿಸಿ 108ರಿಂದ ಭಾಗಿಸಿದ್ದು. ಹಾಗಾಗಿ ಮೂರು ಬೇರೆ ಬೇರೆ ವಾಸ್ತವ ಮೂಲಗಳಿದ್ದಾಗಲೆಲ್ಲ ಸೂತ್ರದೊಳಗೆ ಋಣಸಂಖ್ಯೆಯ ವರ್ಗಮೂಲ ಬಂದೇ ಬರುತ್ತದೆ. ಅದನ್ನು ಕಂಡು ಮೂಲಗಳು ವಾಸ್ತವವಲ್ಲ ಎಂದು ನಿರ್ಧರಿಸಿದರೆ ಉತ್ತರ ತಲೆಕೆಳಗಾಗುತ್ತದೆ.

ಸಮೀಕರಣದಲ್ಲಿ x² ಪದವಿದ್ದರೆ ಈ ಸೂತ್ರವನ್ನು ನೇರವಾಗಿ ಹಚ್ಚಬಾರದು. x³ + ax² + … ಎಂದಿದ್ದರೆ ಮೊದಲು x ಬದಲು t − a/3 ಹಾಕಿ ಆ ಪದವನ್ನು ಕಳೆಯಬೇಕು.

ಶೋಧಕ ಸೊನ್ನೆಯಾದರೆ ಎರಡು ಮೂಲಗಳು ಒಂದಾಗಿವೆ ಎಂದರ್ಥ. x³ − 3x + 2 = 0 ಹಾಗಿದೆ: 1, 1, −2. ಕಣಿವೆಯ ತಳ ಅಕ್ಷವನ್ನು ಬರೀ ಮುಟ್ಟುತ್ತದೆ. ಕೊನೆಯ 2 ಅಳತೆಯಿಂದ ಬಂದ ಸಂಖ್ಯೆಯಾಗಿದ್ದರೆ ಇಲ್ಲಿ ಎಚ್ಚರ ಬೇಕು. ಅದು 1.99 ಆದರೆ Δ ಸುಮಾರು 1.08, ಮೂಲಗಳು ಮೂರು. 2.01 ಆದರೆ ಸುಮಾರು −1.08, ಮೂಲ ಒಂದೇ. ಅಳತೆಯಲ್ಲಿ ಅಷ್ಟು ತಪ್ಪಿರಬಹುದಾದರೆ, ಶೋಧಕದ ಚಿಹ್ನೆ ನೋಡಿ ಮೂರೋ ಒಂದೋ ಎಂದು ತೀರ್ಮಾನಿಸಲು ಬರುವುದಿಲ್ಲ.