ತೊಟ್ಟಿಯಿಂದ ತುಟಿಯವರೆಗೆ: ಕುಡಿಯುವ ನೀರು ಕೆಡುವ ದಾರಿ

2024ರ ಜೂನ್ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಊರ ಜಾತ್ರೆ ಮುಗಿದ ಬೆನ್ನಲ್ಲೇ ವಾಂತಿಭೇದಿ ಕಾಣಿಸಿಕೊಂಡಿತು. ಅನೇಕರು ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ಮರಳಲಿಲ್ಲ. ಅದಕ್ಕೆ ಹಿಂದಿನ ವರ್ಷ, 2023ರ ಆಗಸ್ಟ್ ಹೊತ್ತಿಗೆ, ನೆರೆಯ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದವರು ಗುಂಪುಗುಂಪಾಗಿ ಹಾಸಿಗೆ ಹಿಡಿದಿದ್ದರು. ಅಲ್ಲಿ ಮೊದಲು ಹಬ್ಬಿದ ಮಾತು, ಯಾರೋ ನೀರಿಗೆ ವಿಷ ಬೆರೆಸಿದ್ದಾರೆ ಎಂಬುದು. ಪರೀಕ್ಷೆಯಲ್ಲಿ ಕಂಡದ್ದು ಕಾಲರಾ ರೋಗಾಣು.

ಬೆಳ್ಳಾವಿ ಹೋಬಳಿಯ ಗ್ರಾಮಗಳಲ್ಲಿ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು, ನೀರುಗಂಟಿಗಳು ಹಾಗೂ ಸ್ತ್ರೀಶಕ್ತಿ ಸಂಘದ ತಾಯಂದಿರ ಮುಂದೆ ನಾವು ಇಡಬಯಸುವ ಮಾತುಗಳು ಈ ಬರಹದಲ್ಲಿವೆ. ಭಕ್ತಾದಿಗಳೂ ಇದನ್ನು ಓದಲಿ. ಕಾರ್ಯಕರ್ತೆ ಬಾಗಿಲಿಗೆ ಬಂದು ನಿಮ್ಮ ಕೊಡದ ನೀರನ್ನು ಒಂದು ಗಾಜಿನ ನಳಿಕೆಯಲ್ಲಿ ಕೇಳಿದಾಗ ಏಕೆ ಕೇಳುತ್ತಿದ್ದಾಳೆಂಬುದು ಆಗ ತಿಳಿದೀತು.

ನಮ್ಮ ಊರುಗಳ ನೀರಿನ ದಾರಿ ಬಹುಮಟ್ಟಿಗೆ ಒಂದೇ. ಕೊಳವೆಬಾವಿಯಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಪೈಪಿನಲ್ಲಿ ನಲ್ಲಿಗೆ, ನಲ್ಲಿಯಿಂದ ಕೊಡಕ್ಕೆ, ಕೊಡದಿಂದ ಲೋಟಕ್ಕೆ. ಆಳದ ಕೊಳವೆಬಾವಿಯ ನೀರಿನಲ್ಲಿ ಭೇದಿಯ ರೋಗಾಣು ಸಾಮಾನ್ಯವಾಗಿ ಇರುವುದಿಲ್ಲ. ಮನುಷ್ಯನ ಮಲದ ಅಂಶ ಅದಕ್ಕೆ ಸೇರುವುದು ಮುಂದಿನ ದಾರಿಯಲ್ಲಿ. ಆದುದರಿಂದ ‘ನಮ್ಮದು ಬೋರ್‌ವೆಲ್ ನೀರು, ಏನೂ ಆಗದು’ ಎಂಬ ಧೈರ್ಯ ಅರ್ಧ ಮಾತ್ರ ನಿಜ.

ಮೊದಲು ಟ್ಯಾಂಕಿನ ವಿಚಾರ. ಐವತ್ತು ಸಾವಿರ ಲೀಟರ್ ಹಿಡಿಯುವ ಟ್ಯಾಂಕನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಮೂವತ್ತಮೂರು ಪಾಲು ಕ್ಲೋರಿನ್ ಇರುತ್ತದೆ. ತಿಳಿಯಾದ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಹಾಕುವುದು ರೂಢಿ. ಆ ಲೆಕ್ಕದಲ್ಲಿ ಈ ಟ್ಯಾಂಕಿಗೆ 125 ಗ್ರಾಂ ಬೇಕು. ಇದನ್ನು ಮುಷ್ಟಿಯಲ್ಲಿ ಅಳೆಯದೆ ತಕ್ಕಡಿಯಲ್ಲಿ ಒಮ್ಮೆ ತೂಗಿ, ಅಷ್ಟು ಹಿಡಿಯುವ ಒಂದು ಡಬ್ಬಿಗೆ ಗುರುತು ಹಾಕಿಟ್ಟುಕೊಂಡರೆ ಸಾಕು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುವುದು ತಪ್ಪು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಬೇಕು. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಚೆನ್ನಾಗಿ ಕದಡಿ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ, ಟ್ಯಾಂಕಿಗೆ ನೀರು ಏರುತ್ತಿರುವಾಗ ಹುಯ್ದರೆ ಅದು ಎಲ್ಲೆಡೆ ಬೆರೆಯುತ್ತದೆ. ತಳದ ಸುಣ್ಣವನ್ನು ಟ್ಯಾಂಕಿಗೆ ಹಾಕಬಾರದು. ಬೆರೆಸಿದ ಮೇಲೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ವಾಲ್ವ್ ತೆರೆಯಬಾರದು. ರೋಗಾಣು ಸಾಯಲು ಅಷ್ಟು ಕಾಲ ಬೇಕು.

ಇಲ್ಲಿ ಎಡವುವುದು ಹೆಚ್ಚಾಗಿ ಪುಡಿಯ ವಿಷಯದಲ್ಲಿ. ಬಾಯಿ ತೆರೆದಿಟ್ಟ ಚೀಲದ ಬ್ಲೀಚಿಂಗ್ ಪುಡಿ ಗಾಳಿ, ಬೆಳಕು, ತೇವಗಳಿಗೆ ಸಿಕ್ಕಿ ದಿನದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಮೂಗಿಗೆ ಚುರುಕಾಗಿ ಹೊಡೆಯದ, ಒದ್ದೆಯಾಗಿ ಗಡ್ಡೆಕಟ್ಟಿದ ಪುಡಿ ಹೆಚ್ಚುಕಡಿಮೆ ಬರಿಯ ಸುಣ್ಣ. ಅದನ್ನು ಹಾಕಿದ ದಾಖಲೆ ಪುಸ್ತಕದಲ್ಲಿ ಇರುತ್ತದೆ, ಕ್ಲೋರಿನ್ ನೀರಿನಲ್ಲಿ ಇರುವುದಿಲ್ಲ. ಟ್ಯಾಂಕಿನ ತಳದಲ್ಲಿ ಕೆಸರು ಕೂತಿದ್ದರೂ ಅಷ್ಟೆ; ಹಾಕಿದ ಕ್ಲೋರಿನ್ನನ್ನು ಕೆಸರೇ ನುಂಗಿಬಿಡುತ್ತದೆ.

ಹಾಗಾದರೆ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೆಂದು ತಿಳಿಯುವ ಬಗೆ ಹೇಗೆ? ಇದಕ್ಕಾಗಿಯೇ ಓ.ಟಿ. ಪರೀಕ್ಷೆ ಇದೆ. ಕ್ಲೋರೋಸ್ಕೋಪ್ ಎಂಬ ಪುಟ್ಟ ಪೆಟ್ಟಿಗೆಯ ನಳಿಕೆಗೆ ನಲ್ಲಿಯ ನೀರು ತುಂಬಿ, ಆರ್ಥೋಟೊಲಿಡಿನ್ ದ್ರಾವಣವನ್ನು ಸೂಚಿಸಿದಷ್ಟು ಹನಿ ಹಾಕಿದರೆ ಕ್ಲೋರಿನ್ ಇರುವ ನೀರು ಹಳದಿಗೆ ತಿರುಗುತ್ತದೆ. ಬಣ್ಣವನ್ನು ಹತ್ತು ಸೆಕೆಂಡಿನೊಳಗೆ ನೋಡಿಬಿಡಬೇಕು. ತಡವಾಗಿ ಬರುವ ಹಳದಿ ನಮಗೆ ಬೇಕಾದ ಕ್ಲೋರಿನ್ನಿನದಲ್ಲ. ಲೀಟರಿಗೆ 0.2 ಮಿಲಿಗ್ರಾಂ ಆದರೂ ನಲ್ಲಿಯ ಬಾಯಲ್ಲಿ ಉಳಿದಿರಬೇಕೆಂಬುದು ಭಾರತೀಯ ಮಾನಕ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಬೇಕು, ಯಾರೂ ಕುಡಿಯಬಾರದು. ಮಕ್ಕಳ ಕೈಗೆ ಆ ಬಾಟಲಿ ಸಿಗಬಾರದು.

ಈ ಪರೀಕ್ಷೆಯನ್ನು ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಮಾಡಿ ಸಮಾಧಾನಪಡುವವರೇ ಹೆಚ್ಚು. ನಮ್ಮ ಸಲಹೆಯೆಂದರೆ, ಊರಿನ ಕೊನೆಯ ಮನೆಯಿಂದ ಆರಂಭಿಸಿರಿ. ಟ್ಯಾಂಕಿನ ಬಳಿ ಹಳದಿ, ನಡುವಿನ ಬೀದಿಯಲ್ಲಿ ಹಳದಿ, ಕಾಲೊನಿಯ ಕೊನೆಯ ನಲ್ಲಿಯಲ್ಲಿ ಬಣ್ಣವೇ ಇಲ್ಲ ಎಂದಿಟ್ಟುಕೊಳ್ಳಿ. ನಡುವಿನ ಬೀದಿಗೂ ಕಾಲೊನಿಗೂ ನಡುವೆ ಎಲ್ಲಿಯೋ ಕ್ಲೋರಿನ್ ಖರ್ಚಾಗುತ್ತಿದೆ. ಒಂದೊಂದೇ ನಲ್ಲಿಯನ್ನು ಪರೀಕ್ಷಿಸುತ್ತ ಹಿಂದಕ್ಕೆ ನಡೆದರೆ ಬಣ್ಣ ಮರಳಿ ಕಾಣುವ ಜಾಗ ಸಿಗುತ್ತದೆ. ಅಲ್ಲಿ ಚರಂಡಿಯೊಳಗೆ ಹಾದ ಪೈಪೋ, ಕೊಳಚೆ ನಿಂತ ವಾಲ್ವ್ ಗುಂಡಿಯೋ, ನೀರು ಏರದೆಂದು ನೆಲ ಅಗೆದು ತಗ್ಗಿಸಿದ ನಲ್ಲಿಯೋ ಇದ್ದೇ ಇರುತ್ತದೆ. ನೀರು ಬಿಟ್ಟಿರುವಾಗ ಒಡೆದ ಪೈಪಿನಿಂದ ನೀರು ಹೊರಕ್ಕೆ ಸೋರುತ್ತದೆ. ಮೋಟಾರು ನಿಂತು ಒತ್ತಡ ಇಳಿದೊಡನೆ ಅದೇ ಬಿರುಕಿನಿಂದ ಚರಂಡಿಯ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಬರುವ ಕದಡಿದ ನೀರು ಹೀಗೆ ಒಳಸೇರಿದ ನೀರಾಗಿರಬಹುದು. ಅದನ್ನು ಕುಡಿಯುವ ಕೊಡಕ್ಕೆ ಹಿಡಿಯದೆ ಗಿಡಕ್ಕೋ ಕೊಟ್ಟಿಗೆ ತೊಳೆಯಲೋ ಬಳಸುವುದು ಲೇಸು.

ಇನ್ನು ಶುದ್ಧ ಕುಡಿಯುವ ನೀರಿನ ಘಟಕ. ಫ್ಲೋರೈಡ್ ಹೆಚ್ಚಿರುವ ಈ ಜಿಲ್ಲೆಯಲ್ಲಿ ಆ ಘಟಕಗಳು ಬಂದದ್ದು ಒಳ್ಳೆಯದೇ ಆಯಿತು. ಆದರೆ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿ ತರುವ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಒಂದಿಷ್ಟೂ ಇರುವುದಿಲ್ಲ. ಘಟಕದಿಂದ ಹೊರಬಂದಾಗ ಅದು ಶುದ್ಧವೇ. ಒಳಗೆ ಪಾಚಿ ಹಿಡಿದ ಕ್ಯಾನಿಗೆ ಬಿದ್ದ ಕ್ಷಣದಿಂದ ಅದನ್ನು ಕಾಯುವವರು ಯಾರೂ ಇಲ್ಲ. ನಲ್ಲಿಯ ನೀರಿನಲ್ಲಿ ಉಳಿದ ಕ್ಲೋರಿನ್ನಾದರೂ ಕೈಯಿಂದ ಬಿದ್ದ ರೋಗಾಣುವಿನೊಡನೆ ಒಂದಿಷ್ಟು ಹೋರಾಡುತ್ತದೆ. ಫಿಲ್ಟರ್ ನೀರಿಗೆ ಆ ಬಲವಿಲ್ಲ. ಅದಕ್ಕಾಗಿ ಕ್ಯಾನನ್ನು ವಾರಕ್ಕೊಮ್ಮೆಯಾದರೂ ಸೋಪಿನ ನೀರು ಹಾಕಿ, ಕುಂಚದಿಂದ ಒಳಗೋಡೆ ಉಜ್ಜಿ ತೊಳೆಯಬೇಕು.

ಕೊಡದಿಂದ ಲೋಟಕ್ಕೆ ನೀರು ಬರುವ ಆ ಒಂದು ಮೊಳದ ದಾರಿಯೇ ಎಲ್ಲಕ್ಕಿಂತ ಅಪಾಯದ್ದು. ಅಗಲ ಬಾಯಿಯ ಪಾತ್ರೆಗೆ ಲೋಟವನ್ನು ಅದ್ದುವಾಗ ಬೆರಳುಗಳೂ ಅದ್ದುತ್ತವೆ. ಕೋಲ್ಕತ್ತದ ಕೊಳೆಗೇರಿಗಳಲ್ಲಿ ಕಾಲರಾ ಬಂದ ಮನೆಗಳ ಮೇಲೆ ನಡೆದ ಒಂದು ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಕೈ ಒಳಹೋಗದ, ಕಿರಿಗಂಟಲಿನ ಮಣ್ಣಿನ ಹೂಜಿ ಕೊಟ್ಟರು. ಕೆಲವು ಮನೆಗಳ ನೀರಿಗೆ ಕ್ಲೋರಿನ್ ಹಾಕಿದರು. ಕೆಲವನ್ನು ಹಾಗೆಯೇ ಬಿಟ್ಟರು. ಹೂಜಿಯ ಮನೆಗಳಲ್ಲಿ ಉಳಿದವರಿಗೆ ಸೋಂಕು ತಗುಲಿದ್ದು ಹಾಗೆಯೇ ಬಿಟ್ಟ ಮನೆಗಳ ನಾಲ್ಕನೇ ಒಂದು ಪಾಲು ಮಾತ್ರ. ಕ್ಲೋರಿನ್ನಿಗೆ ಸಮವಾದ ಕೆಲಸವನ್ನು ಒಂದು ಮಣ್ಣಿನ ಪಾತ್ರೆಯ ಆಕಾರ ಮಾಡಿತ್ತು. ನಮ್ಮ ಹಿರಿಯರ ಮನೆಗಳ ಹೂಜಿ ಮೂಲೆ ಸೇರಿ, ಅಗಲ ಬಾಯಿಯ ಪ್ಲಾಸ್ಟಿಕ್ ಡ್ರಮ್ಮು ಬಂದದ್ದನ್ನು ನೆನೆದರೆ ಮನಸ್ಸಿಗೆ ಪಿಚ್ಚೆನಿಸುತ್ತದೆ. ಹೂಜಿ ಇಲ್ಲದಿದ್ದರೆ ನಲ್ಲಿಯಿರುವ ಪಾತ್ರೆ, ಅದೂ ಇಲ್ಲದಿದ್ದರೆ ಕೊಡಕ್ಕೆ ಮುಚ್ಚಳ ಮತ್ತು ಉದ್ದ ಹಿಡಿಯ ಸೌಟು. ಸೌಟನ್ನು ನೆಲಕ್ಕಿಡದೆ ಮೊಳೆಗೆ ತೂಗುಹಾಕಬೇಕು. ನೀರು ಕಾಯಿಸುವವರು ಕೊತಕೊತನೆ ಕುದಿ ಬಂದಮೇಲೆ ಒಂದು ನಿಮಿಷ ಬಿಟ್ಟು, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಲಿ. ಬೇರೆ ಪಾತ್ರೆಗೆ ಬಗ್ಗಿಸಿದಲ್ಲಿ ಕುದಿಸಿದ ಶ್ರಮ ವ್ಯರ್ಥವಾಗಬಹುದು.

ಕೈ ತೊಳೆಯುವ ಮಾತು ಬಂದೊಡನೆ ಎಲ್ಲರೂ ‘ತೊಳೆಯುತ್ತೇವೆ’ ಎನ್ನುತ್ತಾರೆ. ನೀರಲ್ಲಿ ಅದ್ದಿ ತೆಗೆದರೆ ರೋಗಾಣು ಹೋಗದು. ಮಲದ ಜಿಡ್ಡನ್ನು ಬಿಡಿಸುವುದು ಸೋಪು ಮತ್ತು ಉಜ್ಜುವಿಕೆ: ಅಂಗೈ, ಹಿಂಗೈ, ಬೆರಳ ಸಂದು, ಉಗುರಿನ ಅಡಿ, ಎಲ್ಲ ಸೇರಿ ಇಪ್ಪತ್ತು ಸೆಕೆಂಡು. ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡರೆ ಸೆರಗಿನ ಕೊಳೆ ಮರಳಿ ಕೈಗೇ ಬರುತ್ತದೆ. ಗಾಳಿಗೆ ಒಣಗಿಸುವುದು ಮೇಲು. ನಾವು ಮುಖ್ಯವಾಗಿ ಒತ್ತಿ ಹೇಳಬೇಕಾದ ಸಂದರ್ಭ ಒಂದಿದೆ. ಹಸುಗೂಸಿನ ಮಲದಲ್ಲಿ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಹಳ. ಮಗುವಿನ ಕುಂಡೆ ತೊಳೆದ ತಾಯಿ ಅದೇ ಕೈಯಲ್ಲಿ ರಾಗಿ ಸರಿ ಕಲಸುವುದನ್ನು ಯಾವ ಮನೆಯಲ್ಲೂ ಕಾಣಬಹುದು. ಭೇದಿಯ ರೋಗಾಣು ಕೂಸಿನ ಮಲದಲ್ಲೂ ಧಾರಾಳವಾಗಿರುತ್ತದೆ. ಸೋಪಿನ ತುಂಡು ಕಾಗೆ, ಇಲಿಗಳ ಪಾಲಾಗುತ್ತದೆಂದು ದೂರುವ ಮನೆಗೆ ಒಂದು ಉಪಾಯ: ಹಳೆಯ ಬಾಟಲಿಯಲ್ಲಿ ನೀರು ತುಂಬಿ ಬಟ್ಟೆ ಒಗೆಯುವ ಪುಡಿಯನ್ನು ಸ್ವಲ್ಪ ಕದಡಿ, ಮುಚ್ಚಳಕ್ಕೆ ತೂತು ಮಾಡಿ, ಶೌಚಾಲಯದ ಬಾಗಿಲಿಗೆ ಕಟ್ಟಿಬಿಡುವುದು.

ಜಾತ್ರೆ, ದಾಸೋಹಗಳ ಕಾಲದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಅಡುಗೆಯ ಸಾರು, ಪಾಯಸ ಕುದಿಯುತ್ತವೆ. ಪಾನಕ ಮತ್ತು ನೀರುಮಜ್ಜಿಗೆ ಕುದಿಯುವುದಿಲ್ಲ. ಅವುಗಳಿಗೆ ಬಳಸುವ ಟ್ಯಾಂಕರ್ ನೀರನ್ನು ಯಾರೂ ಪರೀಕ್ಷಿಸುವುದಿಲ್ಲ. ಐದು ಸಾವಿರ ಲೀಟರಿನ ಟ್ಯಾಂಕರಿಗೆ ಹನ್ನೆರಡೂವರೆ ಗ್ರಾಂ ಪುಡಿಯ ತಿಳಿ, ಅರ್ಧ ಗಂಟೆಯ ಕಾಯುವಿಕೆ, ಆಮೇಲೆ ಓ.ಟಿ. ಪರೀಕ್ಷೆ. ಇಷ್ಟನ್ನು ದಾಸೋಹ ಸಮಿತಿಯವರೇ ಮಾಡಬಹುದು. ಬಡಿಸುವವರಲ್ಲಿ ಯಾರಿಗಾದರೂ ಭೇದಿಯಾಗುತ್ತಿದ್ದರೆ ಆ ದಿನ ಅವರಿಗೆ ಬೇರೆ ಕಾಯಕ ಕೊಡಬೇಕು. ಚಪ್ಪಲಿ ಕಾಯುವುದೂ ಸೇವೆಯೇ.

ಇಷ್ಟಾಗಿಯೂ ಊರಿನಲ್ಲಿ ಭೇದಿ ಕಾಣಿಸಿಕೊಂಡರೆ ಕಾರ್ಯಕರ್ತೆ ಒಂದು ಹಾಳೆಯಲ್ಲಿ ಊರಿನ ಬೀದಿಗಳನ್ನು ಗೀಚಿ ರೋಗಿಗಳ ಮನೆಗೆ ಚುಕ್ಕೆ ಇಡಲಿ. ಒಂದೇ ಬೀದಿಯಲ್ಲಿ ಚುಕ್ಕೆ ಕವಿದರೆ ಮೊದಲು ಆ ಬೀದಿಯ ಪೈಪನ್ನು ಸಂಶಯಿಸಬೇಕು. ಊರೆಲ್ಲ ಹರಡಿದ್ದು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡವರಾದರೆ ಆ ಊಟವನ್ನು. ಅಲ್ಲೊಂದು ಇಲ್ಲೊಂದು ಮನೆಯ ಕೂಸುಗಳಿಗೆ ಮಾತ್ರವಾದರೆ ಕೈಯನ್ನೂ ಬಾಟಲಿ ಹಾಲನ್ನೂ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ, ಅವರು ನೀರಿನ ಮಾದರಿ ತೆಗೆದುಕೊಂಡ ಮೇಲೆಯೇ ಹೆಚ್ಚುವರಿ ಬ್ಲೀಚಿಂಗ್ ಹಾಕಬೇಕು. ಗಾಬರಿಯಲ್ಲಿ ಮೊದಲೇ ಹಾಕಿದರೆ ಪ್ರಯೋಗಾಲಯದಲ್ಲಿ ರೋಗಾಣು ಸಿಗದೆ, ಕಾರಣ ಮುಚ್ಚಿಹೋಗುತ್ತದೆ. ಮಾದರಿ ತೆಗೆಯುವುದು ತಡವಾದರೆ ಆ ನಲ್ಲಿಗಳನ್ನು ಅಲ್ಲಿಯವರೆಗೆ ಮುಚ್ಚಿಸಿ, ಬೇರೆ ಕಡೆಯ ನೀರು ಕೊಡಿಸಬೇಕು.

ರೋಗಿಗೆ ಓ.ಆರ್.ಎಸ್. ಮಾತ್ರ ಯಾವುದಕ್ಕೂ ಕಾಯಬಾರದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೇ ಕದಡಬೇಕು. ಲೋಟಕ್ಕೆ ಒಂದು ಚಿಟಿಕೆಯಂತೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಕದಡಿದ್ದನ್ನು ಇಪ್ಪತ್ತನಾಲ್ಕು ಗಂಟೆಯ ಮೇಲೆ ಚೆಲ್ಲಬೇಕು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಚಮಚದಲ್ಲಿ ಮತ್ತೆ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಮರಳುತ್ತಿದ್ದರೆ, ಮಗು ಕರೆದರೂ ಕಣ್ತೆರೆಯದೆ ಮಂಕಾಗಿದ್ದರೆ, ಕುಡಿಯಲೂ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ 108ಕ್ಕೆ ಕರೆ ಮಾಡಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ದಾರಿಯುದ್ದಕ್ಕೂ, ಕುಡಿಯಬಲ್ಲ ಮಗುವಿಗೆ ಚಮಚದಲ್ಲಿ ಕುಡಿಸುತ್ತಲೇ ಇರಬೇಕು.